ಮಣೆಯ ಮೇಲೆ ಕುಳಿತ ಯಂತ್ರ

ನನ್ನ ಅವ್ವ ತನ್ನದೇ ಮನೆಯ ಬಚ್ಚಲಲ್ಲಿ, ಒದ್ದೆ ಸೀರೆಯಲ್ಲಿ, ಬೆಳಗಿನ ಎಂಟರಿಂದ ಮಧ್ಯಾಹ್ನ ಎರಡರ ತನಕ ಸೆರೆಯಾಗಿ ಕುಳಿತದ್ದಕ್ಕೆ ಆ ಬಟ್ಟೆ ತೊಳೆಯುವ ಯಂತ್ರವನ್ನು ನಮಗೆ ಮಾರಿದ ಅಂಗಡಿಯವರೇ ಹೊಣೆ. ನುಣುಪಾದ ನೆಲದ ಮೇಲೆ ಅದು ಜಾರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕಾಲುಗಳ ಕೆಳಗೆ ರಬ್ಬರಿನ ಅಡಿಗಳಿರಬೇಕು, ಇಲ್ಲವೇ ರಬ್ಬರು ಕಾಲುಗಳ ಗಟ್ಟಿ ಸ್ಟ್ಯಾಂಡು ಇರಬೇಕು ಎಂದು ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲೇ ಅಚ್ಚಾಗಿತ್ತು. ಗೊತ್ತಿದ್ದೂ ಕೊಡಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿದೆ. ಅಪ್ಪ ತೀರಿಕೊಂಡ ಮೇಲೆ ಹಾನಗಲ್ಲಿನಲ್ಲಿ ಹೊಸದಾಗಿ ಕಟ್ಟಿದ ಬಾಡಿಗೆ ಮನೆಯೊಂದರಲ್ಲಿ ನಾನೂ ಅವ್ವನೂ ಇದ್ದೇವೆ. ನಾನು ದಿನವೂ ಬೆಳಗಿನ ಬಸ್ಸಿಗೆ ಸವಣೂರಿನ ಕಾಲೇಜಿಗೆ ಪಾಠ ಹೇಳಲು ಹೋಗುತ್ತೇನೆ. ಮನೆಯ ತುಂಬ ಪಾಲಿಶ್ ಹಿಡಿಸಿದ ಮೊಸಾಯಿಕ್ ಟೈಲ್ಸು. ನಾನು ಹೋದ ಮೇಲೆ ಆ ಹೊಳೆಯುವ ನೆಲದ ಮೇಲೆ ಅವ್ವನೊಬ್ಬಳೇ ಓಡಾಡುತ್ತಾಳೆ.

ಯಂತ್ರ ತರುವ ಹಿಂದಿನ ವರ್ಷ ಬಿದ್ದು ಅವಳ ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿದರೂ ಸೀರೆ ಹಿಂಡುವ ಬಲ ಮರಳಲಿಲ್ಲ. ಒಂಬತ್ತು ಗಜದ ಮಡಿ ಸೀರೆಯನ್ನು ಬೇರೆಯವರು ಮುಟ್ಟುವಂತಿಲ್ಲ. ಬಸ್ಸಿನಲ್ಲಿ ಓಡಾಡುವ ನಾನಂತೂ ಮುಟ್ಟುವಂತೆಯೇ ಇಲ್ಲ. ಈ ಮಡಿಯ ಮೇಲೆ ನಾನು ಅವಳೊಂದಿಗೆ ಎಷ್ಟೋ ಸಲ ಜಗಳವಾಡಿದ್ದೇನೆ. ಆದರೆ ಯಾರ ಹಂಗಿಲ್ಲದೆ ತನ್ನ ಸೀರೆಯನ್ನು ತಾನೇ ಒಗೆದು ಉಡುವುದು ಅವಳಿಗೆ ಉಳಿದಿದ್ದ ಒಂದೇ ಸ್ವಾತಂತ್ರ್ಯವಾಗಿತ್ತು. ಅದನ್ನು ಉಳಿಸಲೆಂದೇ ಯಂತ್ರ ತಂದೆ. ಒಂದು ಕಡೆ ಒಗೆಯುವ ತೊಟ್ಟಿ, ಇನ್ನೊಂದು ಕಡೆ ಗಿರ್ರನೆ ತಿರುಗಿ ನೀರು ತೆಗೆಯುವ ತೊಟ್ಟಿ.

ಅಂಗಡಿಯ ಮೆಕ್ಯಾನಿಕ್ ಅದನ್ನು ಬಚ್ಚಲ ಮುಂದಿನ ಇಕ್ಕಟ್ಟಾದ ಓಣಿಯಲ್ಲಿ ಇಳಿಸಿದ. ನೀರು ಹೊರಹೋಗುವ ಕೊಳವೆ ಮೋರಿಯ ಕಟ್ಟೆಗಿಂತ ತಗ್ಗಾಯಿತು. ನೀರು ತಾನಾಗಿ ಹರಿಯಬೇಕಾದರೆ ಯಂತ್ರವನ್ನು ಎತ್ತರಿಸಬೇಕಿತ್ತು.

"ಸ್ಟ್ಯಾಂಡು ಎಲ್ಲಿ?" ಎಂದು ಕೇಳಿದೆ.

"ಮುಂದಿನ ವಾರ ಬರ್ತದ್ರಿ ಮೇಡಮ್ಮರ. ಮನ್ಯಾಗ ಮಣಿ ಅದಾವೇನ್ರಿ? ಎರಡು ಕೊಡ್ರಿ. ಹೊಸಾ ಅಳಿಯನ್ನ ಕುಂದ್ರಿಸಿದಂಗ ಕುಂದ್ರಿಸ್ತೇನಿ."

ಅವ್ವ ನಕ್ಕು, ಊಟಕ್ಕೆ ಕೂರುವ ಎರಡು ತೇಗದ ಮಣೆ ತಂದುಕೊಟ್ಟಳು, ಯಂತ್ರಕ್ಕೆ ನನ್ನಿಂದ ಕುಂಕುಮವನ್ನೂ ಹಚ್ಚಿಸಿದಳು. ಮುಂದಿನ ವಾರವೂ, ಅದರ ಮುಂದಿನ ವಾರವೂ ಸ್ಟ್ಯಾಂಡು ಬರಲಿಲ್ಲ.

ಅವ್ವ ತನ್ನದೇ ಒಂದು ಕ್ರಮ ಮಾಡಿಕೊಂಡಳು. ಮಡಿ ಸೀರೆ ಮೈಲಿಗೆ ಬಟ್ಟೆಯೊಂದಿಗೆ ಬೆರೆಯಬಾರದು. ಆದ್ದರಿಂದ ಅದೊಂದೇ ತಿರುಗಬೇಕು. ತೆಗೆಯುವ ಕೈ ಮಿಂದ ಕೈಯಾಗಿರಬೇಕು. ಆದ್ದರಿಂದ ಗುಂಡಿ ತಿರುಗಿಸಿ ಬಚ್ಚಲಿಗೆ ಹೋಗಿಬಿಡುವುದು, ಮಿಂದು ಬರುವಷ್ಟರಲ್ಲಿ ಯಂತ್ರ ನಿಂತಿರುತ್ತದೆ. ಒಂಟಿ ಸೀರೆ ನೀರು ಕುಡಿದು ಗಿರ್ರನೆ ತಿರುಗುವ ತೊಟ್ಟಿಯ ಒಂದೇ ಮಗ್ಗುಲಿಗೆ ಭಾರವಾಗಿ ಕೂರುತ್ತಿತ್ತು. ಯಂತ್ರ ಅದುರುತ್ತಿತ್ತು, ಸೋಪಿನ ನೀರು ಬಿದ್ದ ಟೈಲ್ಸಿನ ಮೇಲೆ ಮಣೆಗಳು ಅದರೊಂದಿಗೆ ಜಾರುತ್ತಿದ್ದವು. ಸಂಜೆ ಬಂದಾಗ ಅದು ಗೇಣುದ್ದ ಸರಿದಿರುತ್ತಿತ್ತು. ನಾನು ಕಾಲಿನಿಂದ ಒತ್ತಿ ಹಿಂದಕ್ಕೆ ತಳ್ಳಿ ಚಹಾ ಕುಡಿಯಲು ಕೂರುತ್ತಿದ್ದೆ. ಇದನ್ನೂ ಬರೆಯಬೇಕು: ನಾನು ಕಂಡಿದ್ದೆ, ಕಂಡೂ ಸುಮ್ಮನಿದ್ದೆ.

ಆ ದಿನ ಪರೀಕ್ಷೆಯ ಕೆಲಸ ಬೇಗ ಮುಗಿದು ಮಧ್ಯಾಹ್ನವೇ ಮರಳಿದೆ. ಮುಂಬಾಗಿಲು ಒಳಗಿಂದ ಹಾಕಿತ್ತು. ಹಿತ್ತಲಿನಿಂದ ಒಳಬಂದರೆ ಯಂತ್ರ ಒಂದು ಮಣೆಯಿಂದ ಜಾರಿ, ಓರೆಯಾಗಿ, ಹೊರಕ್ಕೆ ತೆರೆಯುವ ಬಚ್ಚಲ ಬಾಗಿಲಿಗೂ ಎದುರಿನ ಗೋಡೆಗೂ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತ್ತು.

"ಅವ್ವಾ, ಒಳಗಿದ್ದೀ ಏನ?"

"ಇದ್ದೇನಿ. ಎಲ್ಲಿಗೆ ಹೋಗ್ಲಿ?"

ಮೊದಲು ಪ್ಲಗ್ಗು ಕಿತ್ತೆ. ಒಗೆಯುವ ತೊಟ್ಟಿಯಲ್ಲಿ ಉಳಿದಿದ್ದ ನೀರನ್ನು ತಂಬಿಗೆಯಿಂದ ತೋಡಿ ಹಗುರ ಮಾಡಿ, ತಗ್ಗಿದ ಮೂಲೆಯನ್ನು ಎತ್ತಿ ಎಳೆದೆ. ಬಾಗಿಲು ತೆರೆಯಿತು. ಅವ್ವ ಬಚ್ಚಲ ಕಟ್ಟೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಉಡಬೇಕಾದ ಮಡಿ ಸೀರೆ ಹೊರಗಿನ ಗಳದ ಮೇಲಿತ್ತು. ಬೆರಳುಗಳು ನೀರಲ್ಲಿ ನೆನೆದು ಬೆಳ್ಳಗಾಗಿದ್ದವು.

"ಕೂಗಬಾರದಾಗಿತ್ತೇನು? ಬಾಜೂ ಮನಿಯವರಿದ್ರಲ್ಲ!"

"ಕೂಗಿದ್ರ ಗಂಡಸ್ರು ಬರ್ತಿದ್ರು. ನಾ ಹಿಂಗ ಒದ್ದಿ ಸೀರ್ಯಾಗ ಅದೇನಿ." ಕಟ್ಟೆ ಹಿಡಿದು ಏಳುತ್ತ ಹೇಳಿದಳು: "ನೀ ಸಂಜಿಗೆ ಬರ್ತೀ ಅಂತ ಗೊತ್ತಿತ್ತು. ಅಷ್ಟೊತನಾ ಕುಂತಿರ್ತಿದ್ದೆ."

ಆ ವಾಕ್ಯವನ್ನು ನಾನು ಇಂದಿಗೂ ತಾಳಲಾರೆ. ಅವಳ ಎಲ್ಲ ದಿನಗಳೂ ಹಾಗೇ ಕಳೆಯುತ್ತಿದ್ದವು ಎಂಬುದು ನನಗೆ ಆಗ ತಿಳಿಯಿತು. ಬಾಗಿಲು ತೆರೆದಿದ್ದ ದಿನಗಳೂ ಕೂಡ.

ಸ್ಟ್ಯಾಂಡನ್ನು ನಾನೇ ಮಾಡಿಸಿದೆ. ಹಾನಗಲ್ಲಿನ ಬೆಸುಗೆಯವರು ಕಬ್ಬಿಣದ ಪಟ್ಟಿಗಳಿಂದ ಗಿಡ್ಡ ಚೌಕಟ್ಟು ಮಾಡಿ, ಯಂತ್ರದ ಕಾಲು ಹೊರಜಾರದಂತೆ ಸುತ್ತ ಅಂಚು ಎತ್ತಿದರು. ಸವಣೂರಿನ ಬಸ್ ಸ್ಟ್ಯಾಂಡಿನ ಬಳಿ ಪಂಕ್ಚರ್ ತಿದ್ದುವ ಮುದುಕರೊಬ್ಬರು ಹಳೆಯ ಲಾರಿ ಟೈರಿನಿಂದ ಎಂಟು ರಬ್ಬರು ತುಂಡು ಕೊಯ್ದುಕೊಟ್ಟರು.

"ಎಲ್ಲಾ ಒಂದ ದಪ್ಪ ಇರ್ಬೇಕ್ರಿ ಅಕ್ಕಾರ. ಒಂದು ಕಾಲು ಕುಂಟಿದ್ರ ಮತ್ತ ಕುಣೀತದ."

ನಾಲ್ಕು ಚೌಕಟ್ಟಿನ ಕೆಳಗೆ, ನಾಲ್ಕು ಯಂತ್ರದ ಕಾಲುಗಳ ಕೆಳಗೆ. ನೆಲದ ಸೋಪಿನ ಜಿಗಟನ್ನು ತೊಳೆದು ಒಣಗಿಸಿದೆ. ಗಾರೆ ಕೆಲಸದ ಗೌಂಡಿಯೊಬ್ಬರ ರಸಮಟ್ಟ ತಂದು ನಾಲ್ಕೂ ಕಡೆ ಮಟ್ಟ ನೋಡಿದೆ. ರಬ್ಬರು ಒಂದೇ ಸಾಲದು, ಭಾರವೂ ಸಮವಾಗಿರಬೇಕು ಎಂದು ಪುಸ್ತಿಕೆ ಹೇಳಿತ್ತು; ಸೀರೆಯನ್ನು ಒಂದೇ ಕಡೆ ತುರುಕದೆ ತೊಟ್ಟಿಯೊಳಗೆ ಸುತ್ತಲೂ ಸಮನಾಗಿ ಸುರುಳಿ ಸುತ್ತಲು ಅವ್ವನಿಗೆ ದೂರದಿಂದಲೇ ಕೈಸನ್ನೆಯಲ್ಲಿ ತೋರಿಸಿದೆ. ಯಂತ್ರ ಗುಂಯ್‌ಗುಟ್ಟುತ್ತ, ಸ್ವಲ್ಪ ನಡುಗುತ್ತ, ನಿಂತಲ್ಲೇ ನಿಂತಿತು. ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದಿದ್ದೆ. ಕೂದಲೆಳೆಯಷ್ಟೂ ದಾಟಲಿಲ್ಲ.

"ನೋಡವ್ವಾ, ಇನ್ನ ಹೆದರಬ್ಯಾಡ."

"ಹೆದರಿಲ್ಲ. ನೀ ಮನ್ಯಾಗಿದ್ದಾಗ ಹಚ್ಚೋಣಂತ."

ಅಂದರೆ ರವಿವಾರ ಮಾತ್ರ. ಉಳಿದ ಆರು ದಿನ ಅವಳು ಮುರಿದ ಮಣಿಕಟ್ಟಿನಿಂದಲೇ ಸೀರೆ ಹಿಂಡಲು ತೊಡಗಿದಳು. ನೀರು ಸೋರುವ ಸೀರೆ ಗಳದ ಮೇಲೆ ಸಂಜೆಯಾದರೂ ಒಣಗುತ್ತಿರಲಿಲ್ಲ. ಬಚ್ಚಲ ಬಾಗಿಲಿಗೆ ಅಗುಳಿ ಹಾಕುವುದನ್ನೂ ಬಿಟ್ಟಳು. ಬಾಗಿಲನ್ನು ಒಂದಿಷ್ಟು ತೆರೆದೇ ಮೀಯುತ್ತಾಳೆ.

ಆಮೇಲೆ ಪುಸ್ತಿಕೆ ಹಿಡಿದು ಅಂಗಡಿಗೆ ಹೋದೆ. ಮಾಲೀಕರು ಹಾಳೆ ತಿರುವಿಯೂ ನೋಡಲಿಲ್ಲ.

"ನಿಮ್ಮ ಟೈಲ್ಸ್ ನುಣುಪಿದ್ರ ನಾವೇನ್ ಮಾಡೋಣ್ರಿ ಮೇಡಮ್ಮರ? ಮಿಶನ್ನು ಕುಣ್ಯಾಕತ್ತದ ಅಂದ್ರ ಛಲೋ ನಡದದ ಅಂತ ತಿಳ್ಕೋರಿ."

ಪಕ್ಕದಲ್ಲಿದ್ದ ಮೆಕ್ಯಾನಿಕ್ ಸಮಾಧಾನ ಹೇಳುವವನಂತೆ ಬಾಯಿ ಹಾಕಿದ: "ನಿಮ್ಮಲ್ಲಿ ಅಷ್ಟ ಅಲ್ರಿ. ಶಿಗ್ಗಾವಿ ಡಾಕ್ಟರ್ ಮನ್ಯಾಗೂ ಮಣಿ ಮ್ಯಾಲ ಇಟ್ಟೇನಿ. ಹಿರೇಕೆರೂರಾಗ ಇಟ್ಟಂಗಿ ಇಟ್ಟೇನಿ. ಅವ್ರ್ಯಾರೂ ಜಗಳಕ್ಕ ಬಂದಿಲ್ಲ."

ಅವರು ಬಂದಿಲ್ಲ ಎಂಬುದು ಉತ್ತರವಾಗದು. ಆ ಮನೆಗಳಲ್ಲಿ ಹಗಲು ಯಾರು ಒಬ್ಬರೇ ಇರುತ್ತಾರೆಂದು ಈ ಅಂಗಡಿಗೆ ಗೊತ್ತಿಲ್ಲ, ಕೇಳಿಯೂ ಇಲ್ಲ.

ಆದ್ದರಿಂದ ಮಾಲೀಕರಲ್ಲಿ ಈ ಬರಹದ ಮೂಲಕ ಕೇಳಿಕೊಳ್ಳುತ್ತೇನೆ. ಕೊಡಬೇಕಾದ ರಬ್ಬರು ಅಡಿಗಳನ್ನೂ ಸ್ಟ್ಯಾಂಡನ್ನೂ ಕೊಡದೆ ಯಂತ್ರವನ್ನು ಮಣೆಯ ಮೇಲೆ ನಿಲ್ಲಿಸಿ ಹೋದದ್ದೇಕೆ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ಆ ಉತ್ತರ ನನಗಲ್ಲ, ನನ್ನ ಅವ್ವನ ಹೆಸರಿಗೆ ಬರಬೇಕು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಮಣೆ, ಇಟ್ಟಿಗೆಗಳ ಮೇಲೆ ನಿಂತಿರುವ ಪ್ರತಿ ಯಂತ್ರವನ್ನೂ ನಿಮ್ಮವರು ಖುದ್ದು ಹೋಗಿ ಕೆಳಗಿಳಿಸಿ, ಮಟ್ಟ ನೋಡಿ, ಸರಿಯಾದ ಅಡಿಗಳ ಮೇಲೆ ನಿಲ್ಲಿಸಬೇಕು. ಅದು ಆಗುವ ತನಕ ಆ ಮನೆಗಳವರು ಯಂತ್ರ ಹಚ್ಚದಂತೆ ಇವತ್ತೇ ತಿಳಿಸಬೇಕೆಂದು ವಿನಂತಿ.