ಕಾಕಾನ ವ್ಯಾನಿಗೆ ನಾನು ಹಾಕಿದ ತೆಳು ಆಯಿಲ್

ಆಗ ನನಗೆ ಸೊಕ್ಕು ನೆತ್ತಿಗೇರಿತ್ತು. ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸಕ್ಕಿದ್ದ ಗ್ಯಾರೇಜಿನಲ್ಲಿ ಎಂಜಿನ್ನಿನ ದೋಷ ಹುಡುಕುವ ಸ್ಕ್ಯಾನರ್ ಹಿಡಿಯಲು ಬರುತ್ತಿದ್ದವನು ನಾನೊಬ್ಬನೇ. ಆಯಿಲ್ ಕಂಪನಿಯವರ ಅರ್ಧ ದಿನದ ತರಬೇತಿಗೆ ಹೋಗಿ ಬಂದವನೂ ನಾನೊಬ್ಬನೇ. ತೆಳು ಆಯಿಲ್ ಹಾಕಿದರೆ ಎಂಜಿನ್ ಹಗುರವಾಗಿ ತಿರುಗುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂದು ಅಲ್ಲಿ ಹೇಳಿದರು. ಎಂಥ ಎಂಜಿನ್‌ಗೆ ಎಂಬುದನ್ನೂ ಹೇಳಿರಬೇಕು. ಅಷ್ಟೊತ್ತಿಗೆ ನಾನು ಊಟದ ಸಾಲಿನಲ್ಲಿ ನಿಂತಿದ್ದೆ.

ಕಾಕಾ ನಮ್ಮ ಕಲಬುರಗಿ ಕಡೆಯವನು. ಡೊಂಬಿವಲಿ ಪಕ್ಕದ ಕಲ್ಯಾಣದ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಮೂಟೆ ಹೊತ್ತು ಸೊಂಟ ಕಳೆದುಕೊಂಡ ಮೇಲೆ, ಹಳೆಯ ಪೆಟ್ರೋಲ್ ವ್ಯಾನೊಂದನ್ನು ಕೊಂಡು ಶಾಲೆಯ ಮಕ್ಕಳನ್ನು ಬಿಟ್ಟು ಬರುತ್ತಿದ್ದ. ವ್ಯಾನ್ ನಿಂತರೆ ಮತ್ತೆ ಮೂಟೆಯೇ ಗತಿ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮಲ್ಲೊಂದು ಪದ್ಧತಿ. ಹೊಸ ಕಾರಿನ ಸರ್ವೀಸಿನಲ್ಲಿ ಡಬ್ಬಿಯ ಆಯಿಲ್ ಪೂರ್ತಿ ಹಿಡಿಸುವುದಿಲ್ಲ, ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಅದನ್ನೆಲ್ಲ ಒಂದು ಕ್ಯಾನಿಗೆ ಸುರಿದಿಟ್ಟು ಪರಿಚಯದವರ ಗಾಡಿಗೆ ಹಾಕುತ್ತಿದ್ದೆವು. ಎಲ್ಲ ಹೊಸ ಆಯಿಲೇ, ಆದರೆ ಎಲ್ಲ ಜೀರೋ-ಟ್ವೆಂಟಿ, ಹೊಸ ಎಂಜಿನ್ನುಗಳಿಗೆ ಹಾಕುವ ತೀರಾ ತೆಳು ದರ್ಜೆ. ಕಾಕಾ ಸರ್ವೀಸಿಗೆ ಬಂದ ದಿನ ಅದೇ ಕ್ಯಾನ್ ಎತ್ತಿದೆ.

"ತಮ್ಮಾ, ಇದು ನೀರಿನಂಗ ಅದ ಅಲ್ಲೋ. ನನ್ನ ಗಾಡಿಗಿ ದಪ್ಪಂದು, ಟ್ವೆಂಟಿ-ಫಾರ್ಟಿನೇ ಹಾಕ್ತಾರ."

"ಕಾಕಾ, ನಿನ್ನ ಗಾಡಿ ಈಗ ಮುದುಕಿ ಆಗ್ಯಾಳ. ಮುದುಕಿಗಿ ಗಂಜಿನೇ ಕುಡಿಸಬೇಕು," ಎಂದೆ. ಇಡೀ ಗ್ಯಾರೇಜು ನಕ್ಕಿತು. ಪಾಪ, ಕಾಕಾನೂ ನಕ್ಕ.

ನಾಲ್ಕೇ ದಿನಕ್ಕೆ ವಾಪಸು ಬಂದ. ಶೀಳಫಾಟಾದ ಟ್ರಾಫಿಕ್ಕಿನಲ್ಲಿ ಎಂಜಿನ್ ಕಾದು ನಿಂತಾಗ ಆಯಿಲ್‌ನ ಕೆಂಪು ದೀಪ ಮಿಣುಕುತ್ತದೆ, ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ ಎಂದ. ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಇನ್ನೂ ಗುರುತಿನೊಳಗೇ ಇತ್ತು. ಎಂಜಿನ್ನಿನೊಳಗೆ ಆಯಿಲಿನ ಒತ್ತಡ ಅಳೆಯುವ ಪ್ರೆಶರ್ ಗೇಜು ಗೋಡೆಗೇ ನೇತಾಡುತ್ತಿತ್ತು. ಅದನ್ನು ಕೂಡಿಸಿ ನೋಡಲು ಹತ್ತು ನಿಮಿಷ ಸಾಕಿತ್ತು. ಆದರೆ ಗೇಜು ತೆಗೆದರೆ ಮೊನ್ನೆ ಅಷ್ಟು ಜನರ ಮುಂದೆ ಆಡಿದ ನನ್ನ ಮಾತು ಏನಾಗಬೇಕು?

"ದೀಪದ ಸ್ವಿಚ್ ಕೆಟ್ಟದ ಕಾಕಾ," ಎಂದು ಅದರ ವೈರು ಕಿತ್ತುಬಿಟ್ಟೆ. ದೀಪ ಸತ್ತಿತು. "ಆತ್ ನೋಡು. ಇನ್ನ ಚಿಂತಿ ಇಲ್ಲ, ಹೋಗು."

"ದೇವರು ನಿನಗ ಚಲೋದು ಮಾಡ್ಲಿ," ಎಂದು ಹೇಳಿ ಹೋದ.

ಮೂರು ವಾರದ ಮೇಲೆ ವ್ಯಾನನ್ನು ಹಗ್ಗ ಕಟ್ಟಿ ಎಳೆದು ತಂದರು. ಎರಡು ದಿನದಿಂದ ಟಕ್ ಟಕ್ ಸದ್ದು ಬರುತ್ತಿತ್ತಂತೆ. ದೀಪ ಹತ್ತಲಿಲ್ಲವಲ್ಲ ಎಂದು ಅವನು ಓಡಿಸಿಯೇ ಓಡಿಸಿದ್ದ, ಕೊನೆಗೆ ಎಂಜಿನ್ ಕಚ್ಚಿಕೊಂಡಿತ್ತು. ನಾನು ಮೊದಲು ಮಾಡಿದ್ದು ಇಷ್ಟು: ಯಾರೂ ನೋಡದ ಹಾಗೆ ಕೈ ಹಾಕಿ ಆ ವೈರನ್ನು ಮತ್ತೆ ಸಿಕ್ಕಿಸಿದೆ. ಆಮೇಲೆ ಡಿಪ್‌ಸ್ಟಿಕ್ ಎಳೆದೆ. ತುದಿಗಷ್ಟೇ ಆಯಿಲ್. ಸವೆದ ಎಂಜಿನ್ ತೆಳು ಆಯಿಲನ್ನು ಪಿಸ್ಟನ್ನಿನ ರಿಂಗ್ ದಾಟಿಸಿ ಸುಟ್ಟುಹಾಕಿತ್ತು. ನಾನು ಅದನ್ನೇ ಎಲ್ಲರ ಮುಂದೆ ಎತ್ತಿ ಹಿಡಿದೆ.

"ಆಯಿಲ್ ಎಲ್ಲಿ ಅದ ಕಾಕಾ? ಒಂದ್ ದಿನರ ನೋಡೀಯೇನು? ಖಾಲಿ ಎಂಜಿನ್ ಓಡಿಸಿ ಈಗ ಇಲ್ಲಿಗಿ ಎಳಕೊಂಡು ಬಂದೀಯಲ್ಲ!"

ಕಾಕಾ ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ ನಿಂತ.

ಎಂಜಿನ್ ಬಿಚ್ಚಲು ಬಂದ ಮಿಸ್ತ್ರಿ ಬೇರಿಂಗ್ ತೋರಿಸಿದ. ಮೇಲಿನ ಪದರ ಹೋಗಿ ತಾಮ್ರ ಕಾಣುತ್ತಿತ್ತು. ಕ್ರ್ಯಾಂಕಿನ ಮೇಲೆ ಉಗುರು ಸಿಕ್ಕುವಷ್ಟು ಗೆರೆಗಳು. ಯಾವ ಆಯಿಲ್ ಎಂದು ಕೇಳಿದ್ದಕ್ಕೆ ಪಿಸುಗುಟ್ಟಿದೆ. ಅವನು ನನ್ನನ್ನೇ ನೋಡಿದ. ಡಬ್ಬಿಯ ಮೇಲಿನ ಮೊದಲ ಅಂಕಿ ಆಯಿಲ್ ತಣ್ಣಗಿದ್ದಾಗಿನ ದಪ್ಪ, ಎರಡನೆಯದು ಬಿಸಿಯಾದಾಗಿನ ದಪ್ಪ ಎಂದು ವಿವರಿಸಿದ. ಫೈವ್-ಫಾರ್ಟಿ ಹಾಕಿದ್ದರೆ ಹೆದರಬೇಕಿರಲಿಲ್ಲ, ಕಾದ ಮೇಲೆ ಅದೂ ಫಾರ್ಟಿಯಷ್ಟೇ ದಪ್ಪ. ಎಂಜಿನ್ ಗಟ್ಟಿಯಿದ್ದರೆ ಥರ್ಟಿಯನ್ನೂ ಒಮ್ಮೊಮ್ಮೆ ತಡೆದುಕೊಳ್ಳುತ್ತದೆ. ಇದರ ಬೇರಿಂಗಿನ ಸಂದುಗಳು ಸವೆದು ಅಗಲವಾಗಿದ್ದವು, ಟ್ವೆಂಟಿ ಅದರೊಳಗೆ ನಿಲ್ಲದೆ ಹರಿದುಹೋಗಿ ಪ್ರೆಶರ್ ಬಿದ್ದಿತ್ತು.

"ಗುಜರಿಗೆ ಹಾಕಲು ಹೇಳು," ಎಂದು ಮಿಸ್ತ್ರಿ ಕೈ ತೊಳೆದುಕೊಂಡ. ಹೊರಗಿದ್ದ ಕಾಕಾನಿಗೆ ನಾನು ಅಷ್ಟನ್ನೇ ಹೇಳಿದೆ.

ಮಳೆ ಶುರುವಾದ ಮೇಲೆ ಒಂದು ಮುಂಜಾನೆ ಕಲ್ಯಾಣದ ಮಾರುಕಟ್ಟೆಗೆ ಹೋಗಿದ್ದೆ. ಈರುಳ್ಳಿ ಮೂಟೆಯ ಕೆಳಗೆ ಬಾಗಿದ್ದ ಮನುಷ್ಯ ದಾರಿ ಬಿಡು ಎಂದು ಕೂಗಿದ, ಮುಖ ಎತ್ತಿದರೆ ಕಾಕಾ. ನನಗೆ ಕಾಲು ಕಿತ್ತು ಓಡಬೇಕೆನಿಸಿತು. ಅವನು ಮೂಟೆ ಇಳಿಸದೆಯೇ ನಿಂತ.

"ತಮ್ಮಾ, ನೀ ಎಷ್ಟು ಕಾಳಜಿ ಮಾಡಿದ್ದಿ. ನಾನೇ ಆಯಿಲ್ ನೋಡ್ಕೊಳ್ಳಲಿಲ್ಲ. ನಿನ್ನ ಗ್ಯಾರೇಜಿನ ಹೆಸರು ಕೆಡಿಸಿದೆ, ಬ್ಯಾಸರ ಮಾಡ್ಕೋಬ್ಯಾಡ. ನಂದೇ ತಪ್ಪು, ಹೌದಲ್ಲೋ?"

ಒಂದು ಕೈ ಸೊಂಟಕ್ಕೆ ಕೊಟ್ಟು, ಉತ್ತರ ಕೇಳಿಯೇ ಹೋಗುವವನಂತೆ ನಿಂತಿದ್ದ.

"ಹೌದು ಕಾಕಾ," ಎಂದೆ.