ಹನ್ನೊಂದನೆಯ ಅಂಕಿ

ಮಾನ್ವಿಯ ಬುರ್ಹಾನುದ್ದೀನ್ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ರಾಯಚೂರಿನ ಪಾಲಿಟೆಕ್ನಿಕ್ ಸೇರಿದ ಮೊದಲ ವರ್ಷವೇ ಅವನು ಮೂರು ದಿನ ಕೂತು ತೆಗೆದ ಡ್ರಾಯಿಂಗ್ ಹಾಳೆ ಹಾಸ್ಟೆಲಿನಿಂದ ಮಾಯವಾಗಿ, ಬೇರೊಬ್ಬನ ಹೆಸರು ಹೊತ್ತು ಮೇಷ್ಟರ ಮೇಜಿಗೆ ಹೋಗಿತ್ತು. ತನ್ನದೆಂದು ಹೇಳಲು ಅವನ ಬಳಿ ಏನೂ ಗುರುತಿರಲಿಲ್ಲ. ಅಂದಿನಿಂದ ಅವನ ಪ್ರತಿ ಪುಸ್ತಕದ ಹದಿನೇಳನೆಯ ಪುಟದ ಮೂಲೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಪೆನ್ಸಿಲ್ ಚುಕ್ಕೆ ಇರುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ನೋಟ್‌ಬುಕ್ಕು ಹಾಸಿಗೆಯ ಕೆಳಗೆ ಸೇರುತ್ತಿತ್ತು.

ಅವನ ಕೋಣೆಯಲ್ಲಿದ್ದ ಇನ್ನೊಬ್ಬ ದೇವದುರ್ಗದ ಹಂಪಯ್ಯ. ಅವನಿಗೆ ಇಂಥ ಯಾವ ಎಚ್ಚರವೂ ಇಲ್ಲ. ಒಬ್ಬರ ಟವೆಲು ಇನ್ನೊಬ್ಬರಿಗೆ, ಇನ್ನೊಬ್ಬರ ಚಪ್ಪಲಿ ತನಗೆ ಎಂಬಂತೆ ಓಡಾಡುವವನು. ಎರಡು ವರ್ಷ ಜೊತೆಗಿದ್ದರೂ ಅವನ ಆ ಸಲುಗೆ ಬುರ್ಹಾನುದ್ದೀನನಿಗೆ ಹಿಡಿಸಿರಲಿಲ್ಲ.

೧೯೮೭ರ ಏಪ್ರಿಲ್. ಮೈಕ್ರೊಪ್ರೊಸೆಸರ್ ಪಾಠ ಮಾಡುವ ವಾದಿರಾಜ ಸರ್ ಮರುದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರ ಪ್ರೋಗ್ರಾಂ ನೋಡುವವರಿದ್ದರು. ಅವರಿಗೆ ಮೆಚ್ಚುಗೆಯಾದ ಒಬ್ಬನಿಗೆ ಮಾತ್ರ ಬೇಸಿಗೆಯಲ್ಲಿ ವಿದ್ಯುತ್ ಸ್ಥಾವರದ ಉಪಕರಣ ವಿಭಾಗದಲ್ಲಿ ಒಂದು ತಿಂಗಳ ತರಬೇತಿ. ಲ್ಯಾಬಿನಲ್ಲಿದ್ದ ಕಿಟ್‌ಗಳು ಕಡಿಮೆ. ಹಾಗಾಗಿ ಸಹಿ ಹಾಕಿಸಿಕೊಂಡು ಕೋಣೆಗೊಂದರಂತೆ ಒಂದು ರಾತ್ರಿಗೆ ಕೊಟ್ಟಿದ್ದರು. ಹಸಿರು ಹಲಗೆಯ ಮೇಲೆ ಒಂದು 8085 ಚಿಪ್ಪು, ಇಪ್ಪತ್ತರ ಆಸುಪಾಸಿನ ಗುಂಡಿಗಳು, ಕೆಂಪಗೆ ಬೆಳಗುವ ಆರು ಅಂಕಿಗಳ ಕಿಂಡಿ, ಅಷ್ಟೇ. ಕಿಂಡಿಯಲ್ಲಿ ಮೊದಲ ನಾಲ್ಕು ಅಂಕಿ ನೆನಪಿನ ವಿಳಾಸ, ಕೊನೆಯ ಎರಡು ಆ ವಿಳಾಸದಲ್ಲಿ ಇರುವ ವಸ್ತು. ಪ್ರೋಗ್ರಾಂ ಅನ್ನು ಕಾಗದದ ಮೇಲೆ ಬರೆದು, ಒಂದೊಂದು ಆದೇಶಕ್ಕೂ ಪುಸ್ತಕ ನೋಡಿ ಸಂಖ್ಯೆ ಹುಡುಕಿ, ಆ ಸಂಖ್ಯೆಗಳನ್ನು ಒಂದೊಂದಾಗಿ ಒತ್ತಬೇಕು. ಅಲ್ಲಿ ಎಣಿಕೆ ಹದಿನಾರರದು. ಒಂಬತ್ತಾದ ಮೇಲೆ ಎ, ಬಿ, ಸಿ ಎಂದು ಎಫ್ ತನಕ.

ಬುರ್ಹಾನುದ್ದೀನನ ಕೆಲಸ ಹತ್ತು ದಿನದ ಬಿಸಿಲಿನ ಅಂಕಿಗಳಲ್ಲಿ ದೊಡ್ಡದನ್ನು ಹುಡುಕುವುದು. 2050ರಲ್ಲಿ ಎಷ್ಟು ಅಂಕಿ ಎಂಬ ಲೆಕ್ಕ, ಅಂದರೆ 0ಎ, ಹತ್ತು. 2051ರಿಂದ 205ಎ ತನಕ ಹತ್ತು ದಿನಗಳು. ಉತ್ತರ 2070ರಲ್ಲಿ. ಪ್ರೋಗ್ರಾಂ 2000ರಿಂದ ಶುರುವಾಗಿ 2013ಕ್ಕೆ ಮುಗಿಯುತ್ತದೆ. ಸಂಜೆ ಓಡಿಸಿದಾಗ 2ಬಿ ಬಂತು. ನಲವತ್ಮೂರು ಡಿಗ್ರಿ. ಸರಿ.

ಅವನು ಊಟಕ್ಕೆ ಹೋದ. ಒಪ್ಪಂದದಂತೆ ಆ ಹೊತ್ತು ಹಂಪಯ್ಯನ ಸರದಿ. ಅವನದು ಹದಿನಾರು ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಂ. ಬುರ್ಹಾನುದ್ದೀನನದಕ್ಕೆ ಅಡ್ಡಿಯಾಗಬಾರದೆಂದು ಅವನು ತನ್ನ ಪ್ರೋಗ್ರಾಂ ಅನ್ನು 2080ರಿಂದ ಬರೆದುಕೊಂಡಿದ್ದ. ಅಂಕಿಗಳ ಪಟ್ಟಿ ಮಾತ್ರ ಇಬ್ಬರದೂ ಒಂದೇ ಜಾಗದಲ್ಲಿ, 2050ರಿಂದ.

ಊಟ ಮುಗಿಸಿ ಬಂದ ಬುರ್ಹಾನುದ್ದೀನ್ ತನ್ನ ಎಣಿಕೆಯನ್ನೂ ಹತ್ತು ಅಂಕಿಗಳನ್ನೂ ಮತ್ತೆ ಒತ್ತಿ, ಓಡಿಸಿ, 2070 ತೆರೆದ.

5ಎಫ್.

ತೊಂಬತ್ತೈದು. ಚಹಾದ ನೀರಿಗೆ ಸರಿ, ಬಿಸಿಲಿಗಲ್ಲ. ಮತ್ತೆ ಓಡಿಸಿದ. ಮತ್ತೆ 5ಎಫ್. 2051ರಿಂದ ಒಂದೊಂದೇ ಅಂಕಿ ನೋಡುತ್ತ ಹೋದ. 27, 28, 29... ಹತ್ತೂ ಅವನು ಕೊಟ್ಟವೇ. ಆ ಹತ್ತರಲ್ಲಿ 5ಎಫ್ ಎಲ್ಲೂ ಇಲ್ಲ. ಕಾಗದ ಹಿಡಿದು 2000ರಿಂದ ಪ್ರೋಗ್ರಾಂ ನೋಡಿದ. ಒಂದು ಅಕ್ಷರವೂ ಕದಲಿರಲಿಲ್ಲ.

"ಹಂಪ್ಯಾ, ನನ್ನ ಪ್ರೋಗ್ರಾಮಿಗೆ ಕೈ ಹಾಕಿದೇನು?"

ಹಂಪಯ್ಯ ಹಾಸಿಗೆಯ ಮೇಲೆ ಕಾಲು ಚಾಚಿದ್ದ. "ನಾ ಯಾಕ ಹಾಕಲಿ? ನಂದು ಎಂಬತ್ತರಿಂದ ಅದ. ನಿಂದ ನನಗ್ಯಾಕ ಬೇಕಲೇ?"

"ಸಂಜಿಗೆ ಸರಿ ಇತ್ತು. ನೀ ಮುಟ್ಟಿದ ಮ್ಯಾಲ ಕೆಟ್ಟದ."

"ಯಂತ್ರನ ಕೇಳು," ಎಂದು ಹಂಪಯ್ಯ ಮಗ್ಗಲು ಬದಲಿಸಿದ.

ಆ ಮಾತು ಬುರ್ಹಾನುದ್ದೀನನಿಗೆ ಹಗುರವಾಗಿ ಕೇಳಿಸಲಿಲ್ಲ. ಹೋದ ವಾರ ಹಂಪಯ್ಯ ತನ್ನ ನೋಟ್‌ಬುಕ್ಕು ಕೇಳಿದ್ದು ನೆನಪಾಯಿತು. ತರಬೇತಿಯ ಸುದ್ದಿ ಬಂದ ದಿನ ಅವನು ಸರ್ ಹಿಂದೆ ಮೆಟ್ಟಿಲಿನ ತನಕ ಹೋಗಿ ಏನೋ ಮಾತಾಡಿದ್ದೂ ನೆನಪಾಯಿತು. ಹಾಸಿಗೆ ಎತ್ತಿ ನೋಟ್‌ಬುಕ್ಕು ತೆಗೆದು ಹದಿನೇಳನೆಯ ಪುಟ ನೋಡಿದ. ಚುಕ್ಕೆ ಇದ್ದಲ್ಲೇ ಇತ್ತು. ಅದರಿಂದಲೂ ಸಮಾಧಾನವಾಗಲಿಲ್ಲ.

ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಕೆಂಪು ಅಂಕಿಗಳು ಆರಿದವು. ನೆನಪಿನಲ್ಲಿದ್ದದ್ದೆಲ್ಲ ಹೋದಂತೆ. ಸೆಕೆ ತಡೆಯಲಾರದೆ ಹಂಪಯ್ಯ ಚಾಪೆ ಸುತ್ತಿಕೊಂಡು ಮಾಳಿಗೆಗೆ ನಡೆದ. ಮುಕ್ಕಾಲು ಗಂಟೆಯ ಮೇಲೆ ಕರೆಂಟ್ ಬಂದಾಗ ಕೋಣೆಯಲ್ಲಿ ಬುರ್ಹಾನುದ್ದೀನ್ ಒಬ್ಬನೇ. ಪೂರ್ತಿ ಪ್ರೋಗ್ರಾಂ, ಪೂರ್ತಿ ಅಂಕಿಗಳು, ಎಲ್ಲ ಮೊದಲಿನಿಂದ ಒತ್ತಿದ. ಓಡಿಸಿದ.

2ಬಿ.

ಹಂಪಯ್ಯ ಇಲ್ಲದಾಗ ಸರಿ, ಇದ್ದಾಗ ತಪ್ಪು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಬುರ್ಹಾನುದ್ದೀನ್ ಒಂದು ಹಾಳೆ ಹರಿದು ವಾದಿರಾಜ ಸರ್‌ಗೆ ಪತ್ರ ಬರೆಯಲು ಕೂತ. ನನ್ನ ಕೋಣೆಯ ಹಂಪಯ್ಯ ಉದ್ದೇಶಪೂರ್ವಕವಾಗಿ ನನ್ನ ಪ್ರೋಗ್ರಾಂ ಕೆಡಿಸಿರುತ್ತಾನೆ ಎಂದು ಬರೆದು, ಸಹಿ ಹಾಕಿ, ಮಡಚಿ ಕಿಟ್‌ನ ಕೆಳಗಿಟ್ಟ.

ಅಷ್ಟರಲ್ಲಿ ಹಂಪಯ್ಯ ಇಳಿದು ಬಂದ. "ಕರೆಂಟ್ ಹೋತಂದ್ರ ನಂದೂ ಹೋಗಿರ್ತದ. ಒಂದು ಸಲ ಓಡಿಸಿ ನೋಡ್ತೀನಿ, ಅತ್ತಾಗ ಸರಿ."

ಬುರ್ಹಾನುದ್ದೀನ್ ಸರಿದು ಜಾಗ ಕೊಟ್ಟ. ಆದರೆ ಅವನ ಬೆನ್ನ ಹಿಂದೆ ನಿಂತು ಪ್ರತಿ ಬೆರಳನ್ನೂ ಕಾದ. ಹಂಪಯ್ಯ 2080ರಿಂದ ಒತ್ತಿದ. 2050ರಲ್ಲಿ 10 ಒತ್ತಿದ. ಯಂತ್ರದ ಎಣಿಕೆಯಲ್ಲಿ ಅದು ಹದಿನಾರು. ಅಲ್ಲಿಂದ ತನ್ನ ಹದಿನಾರು ಅಂಕಿ. ಓಡಿಸಿ, ಜೋಡಿಸಿದ ಪಟ್ಟಿಯನ್ನು ಕಾಗದದೊಂದಿಗೆ ತಾಳೆ ನೋಡಿ ಎದ್ದ. 2000ರ ಕಡೆ ಅವನ ಬೆರಳು ಹೋಗಲೇ ಇಲ್ಲ. ಅದಕ್ಕೆ ಬುರ್ಹಾನುದ್ದೀನನ ಕಣ್ಣೇ ಸಾಕ್ಷಿ.

ಬುರ್ಹಾನುದ್ದೀನ್ ಕೂತು ತನ್ನ ಎಣಿಕೆಯನ್ನೂ ಹತ್ತು ಅಂಕಿಗಳನ್ನೂ ಒತ್ತಿ ಓಡಿಸಿದ.

5ಎಫ್.

"ನೋಡು! ಮತ್ತ 5ಎಫ್! ಏನ್ ಮಾಡಿದೆಲೇ ನೀನು?"

ಹಂಪಯ್ಯ ಬಗ್ಗಿ ನೋಡಿ, ಹಣೆ ಗಂಟಿಕ್ಕಿದ. "5ಎಫ್? ಅದು ನನ್ನ ಅಂಕಿ." ತನ್ನ ಕಾಗದ ಹಿಡಿದ. ಜೋಡಿಸಿದ ಪಟ್ಟಿಯಲ್ಲಿ ಬೆರಳಿಟ್ಟು ಎಣಿಸಿದ. "ಎಂಟು, ಒಂಬತ್ತು, ಹತ್ತು... ಹನ್ನೊಂದನೇದು 5ಎಫ್. ನಿಂದು ಹತ್ತೇ ಅಂಕಿ ಅಲ್ಲೇನು? ಹನ್ನೊಂದನೇದು ನಿನಗ್ಯಾಕ ಕಾಣ್ತದ?"

ಬುರ್ಹಾನುದ್ದೀನ್ 205ಬಿ ತೆರೆದ. 5ಎಫ್ ಅಲ್ಲಿತ್ತು. ಅವನ ಹತ್ತು ಅಂಕಿಗಳು ಹಂಪಯ್ಯನ ಮೊದಲ ಹತ್ತನ್ನು ಅಳಿಸಿದ್ದವು. ಹನ್ನೊಂದನೆಯದು ಮಾತ್ರ ಹಾಗೇ ಉಳಿದಿತ್ತು. ಸಂಜೆಯೂ, ಕರೆಂಟ್ ಬಂದ ಮೇಲೂ ಆ ಜಾಗದಲ್ಲಿ ಏನೋ ಸಣ್ಣ ಅಂಕಿ ಬಿದ್ದಿದ್ದಿರಬೇಕು. ಅದು 2ಬಿಗೆ ಸೋತು ಸುಮ್ಮನಿದ್ದಿರಬೇಕು.

ಯಂತ್ರ ನಿಂತಾಗ ಅದರ ರಿಜಿಸ್ಟರುಗಳಲ್ಲಿ, ಅಂದರೆ ಚಿಪ್ಪಿನೊಳಗಿನ ಪುಟ್ಟ ಗೂಡುಗಳಲ್ಲಿ, ಏನು ಉಳಿದಿದೆ ಎಂದು ತೋರಿಸುವ ಗುಂಡಿ ಕಿಟ್‌ನಲ್ಲಿತ್ತು. ಪಟ್ಟಿಯ ಮೇಲೆ ಸರಿಯುತ್ತ ಹೋಗುವ ವಿಳಾಸವನ್ನು ಹಿಡಿದಿರುವ ಎಚ್ ಮತ್ತು ಎಲ್ ಒತ್ತಿ ನೋಡಿದ. 20, 5ಬಿ. ಹತ್ತನೆಯ ಅಂಕಿ ಮುಗಿಯುವುದು 205ಎಯಲ್ಲಿ. ಪ್ರೋಗ್ರಾಂ ಒಂದು ಹೆಜ್ಜೆ ಹೆಚ್ಚಿಗೆ ನಡೆದಿತ್ತು.

ಕಾಗದ ಎಳೆದುಕೊಂಡ. ಸಿ ರಿಜಿಸ್ಟರಿನಲ್ಲಿ ಎಣಿಕೆ, ಹತ್ತು. ಮೊದಲ ಅಂಕಿಯನ್ನು ಸುತ್ತು ಶುರುವಾಗುವ ಮುಂಚೆಯೇ ಎ ರಿಜಿಸ್ಟರಿಗೆ ಎತ್ತಿಕೊಂಡಿದ್ದಾನೆ. ಆಮೇಲೆ ಸುತ್ತು: ಮುಂದಿನ ವಿಳಾಸಕ್ಕೆ ಸರಿ, ಹೋಲಿಸು, ದೊಡ್ಡದಿದ್ದರೆ ಎತ್ತಿಕೊ, ಇಲ್ಲದಿದ್ದರೆ ಬಿಟ್ಟು ಮುಂದಕ್ಕೆ ಜಿಗಿ, ಸಿಯಲ್ಲಿ ಒಂದು ಕಳೆ, ಸೊನ್ನೆ ಆಗದಿದ್ದರೆ ಮತ್ತೆ ಸುತ್ತು. ಒಂದು ಆಗಲೇ ಕೈಯಲ್ಲಿದೆ. ಹೋಲಿಸಬೇಕಾದ್ದು ಒಂಬತ್ತು. ಅವನು ಹೋಲಿಸುತ್ತಿದ್ದದ್ದು ಹತ್ತು ಸಲ.

ಯಾರೂ ಏನೂ ಮಾಡಿರಲಿಲ್ಲ. ತಪ್ಪು ಅವನ ಕೈಬರಹದಲ್ಲೇ ಇತ್ತು, ಮೊದಲ ದಿನದಿಂದ.

"2050ರಾಗ ಹತ್ತರ ಬದಲಿ ಒಂಬತ್ತು ಹಾಕಿದ್ರ ಮುಗೀತು," ಎಂದ, ಅರ್ಧ ತನಗೇ.

"ಸರ್ ತಮ್ಮ ಅಂಕಿ ಕೊಡ್ತಾರ, ತಮ್ಮ ಎಣಿಕಿ ಕೊಡ್ತಾರ. ಅವರಿಗೂ ಒಂದು ಕಡಿಮಿ ಹಾಕ್ರಿ ಸರ್ ಅಂತೀಯೇನು?"

ಅದು ನಿಜ. ಎಣಿಕೆ ಎತ್ತಿಕೊಂಡ ಕೂಡಲೇ ಸಿಯಲ್ಲಿ ಒಂದು ಕಳೆಯುವ ಆದೇಶ, 0ಡಿ, ಸೇರಿಸಬೇಕು. ಒಂದೇ ಬೈಟ್, ಒಂದು ವಿಳಾಸದಷ್ಟು ಜಾಗ. ಆದರೆ ನಡುವೆ ಒಂದು ಬೈಟ್ ತುರುಕಿದರೆ ಅದರ ಮುಂದಿನದೆಲ್ಲ ಒಂದೊಂದು ಮನೆ ಸರಿಯಬೇಕು. ಬುರ್ಹಾನುದ್ದೀನ್ 2004ರಲ್ಲಿ 0ಡಿ ಹಾಕಿ ಉಳಿದದ್ದನ್ನು ಒತ್ತತೊಡಗಿದ. ಹಂಪಯ್ಯ ಪಕ್ಕದಲ್ಲಿ ಕಾಗದ ಹಿಡಿದು ಓದಿ ಹೇಳುತ್ತಿದ್ದ.

"ತಡಿ. ಜಿಗಿಯೋ ವಿಳಾಸ ಬದಲ ಮಾಡು. ಇಲ್ಲಿ 0ಸಿ ಅಂತ ಬರ್ದೀದಿ, ಈಗ ಅದು 0ಡಿ ಆಗಬೇಕು. ಇಲ್ಲಾಂದ್ರ ದೊಡ್ಡದೋ ಸಣ್ಣದೋ ನೋಡದಂಗ ಪ್ರತಿ ಅಂಕಿನೂ ಎತ್ತಿಕೊಂತದ. ಕೊನೀದೇ ಉತ್ತರ ಅಂತ ಬರ್ತದ."

"ಇನ್ನೊಂದು?"

"ಸುತ್ತು ತಿರುಗೋದು. 06 ಇದ್ದದ್ದು 07."

ಎರಡನ್ನೂ ತಿದ್ದಿದ. ಓಡಿಸಿದ. 205ಬಿಯಲ್ಲಿ 5ಎಫ್ ಇನ್ನೂ ಕೂತಿರುವಾಗಲೇ 2070ರಲ್ಲಿ 2ಬಿ ಬಂತು. ಎಚ್ ಮತ್ತು ಎಲ್‌ನಲ್ಲಿ 20, 5ಎ.

"ಬಂತು," ಎಂದು ಹಂಪಯ್ಯ ನಕ್ಕು, ತನ್ನ ಕಾಗದ ತೆಗೆದುಕೊಳ್ಳಲು ಕಿಟ್ ಎತ್ತಿದ. ಕೆಳಗಿದ್ದ ಮಡಚಿದ ಹಾಳೆಯೂ ಕೈಗೆ ಬಂತು. ತನ್ನದೆಂದುಕೊಂಡು ಬಿಚ್ಚಿ ಓದಿದ.

ಬುರ್ಹಾನುದ್ದೀನನಿಗೆ ಕಸಿದುಕೊಳ್ಳಲು ಕೈ ಬರಲಿಲ್ಲ. "ಆಗ ಗೊತ್ತಿರಲಿಲ್ಲ, ಹಂಪಯ್ಯ. ನೀ ಮುಟ್ಟಿದಾಗೆಲ್ಲ ಕೆಡ್ತಿತ್ತು. ಅದಕ್ಕ..."

ಹಂಪಯ್ಯ ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಮೇಜಿನ ಮೇಲಿಟ್ಟ. "ಸಹಿ ಬ್ಯಾರೆ ಹಾಕೀದಿ," ಎಂದಷ್ಟೇ ಹೇಳಿ ಚಾಪೆ ತೆಗೆದುಕೊಂಡು ಮಾಳಿಗೆಗೆ ಹೋದ.

ಬೆಳಿಗ್ಗೆ ವಾದಿರಾಜ ಸರ್ ಬುರ್ಹಾನುದ್ದೀನನಿಗೆ ಐದು ಅಂಕಿ ಕೊಟ್ಟರು. ಐದನ್ನೂ ಅವನು ಒತ್ತಿದ ಮೇಲೆ, ಏನೂ ಹೇಳದೆ ತಾವೇ ಕೈ ಚಾಚಿ ಆರನೆಯ ಜಾಗದಲ್ಲಿ ಎಫ್‌ಎಫ್ ಇಟ್ಟರು. ಒಂದು ಬೈಟಿಗೆ ಅದಕ್ಕಿಂತ ದೊಡ್ಡ ಅಂಕಿ ಇಲ್ಲ. ಓಡಿಸಿದಾಗ ಐದರಲ್ಲಿ ದೊಡ್ಡದೇ ಬಂತು.

"ಇಷ್ಟೊತ್ತಿನ ತನಕ ಏಳು ಮಂದಿ ಇದರಾಗ ಬಿದ್ದಾರ," ಎಂದರು ಸರ್. "ನೀ ಹೆಂಗ ತಪ್ಪಿಸಿಕೊಂಡಿ?"

"ನಾನೂ ಬಿದ್ದಿದ್ದೆ ಸರ್. ನನಗ ಸಿಗಲಿಲ್ಲ. ಹಂಪಯ್ಯ ತೋರಿಸಿದ."

ಸರ್ ಹಂಪಯ್ಯನ ಕಡೆ ನೋಡಿದರು. ಅವನು ಕಿಟಕಿಯ ಆಚೆ ನೋಡುತ್ತಿದ್ದ. ತರಬೇತಿಗೆ ಆಯ್ಕೆಯಾದದ್ದು ಹಂಪಯ್ಯನೇ.

ಹಂಪಯ್ಯ ಕೋಣೆ ಬದಲಿಸಲಿಲ್ಲ. ಜಗಳವನ್ನೂ ಆಡಲಿಲ್ಲ. ಆ ಭಾನುವಾರ ದೇವದುರ್ಗದಿಂದ ಬರುವಾಗ ಎಂದಿನಂತೆ ಅವ್ವ ಕಟ್ಟಿಕೊಟ್ಟ ಸಜ್ಜಿರೊಟ್ಟಿ, ಶೇಂಗಾ ಚಟ್ನಿ ತಂದು ಎರಡು ಪಾಲು ಮಾಡಿದ. "ತಿನ್ನು, ಮೆತ್ತಗ ಆದಾವು," ಎಂದ. ಬುರ್ಹಾನುದ್ದೀನ್ ತಿಂದ. ಕೈ ತೊಳೆದು ಒಳಗೆ ಬಂದಾಗ ಹಂಪಯ್ಯ ತನ್ನ ಟ್ರಂಕಿಗೆ ಹೊಸ ಬೀಗ ಹಾಕಿ, ಬಿತ್ತೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡುತ್ತಿದ್ದ. ಬುರ್ಹಾನುದ್ದೀನ್ ಟವೆಲಿಗೆ ಕೈ ಒರೆಸಿಕೊಂಡು ಹೊರಗೆ ಹೋಗಿ ನಿಂತ.