ಸಾಕ್ಷಿಗೆ ಬಿಟ್ಟ ಸಸಿಮಡಿ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಕುಶಾಲನಗರದ ಸೊಸೈಟಿಯಿಂದ ಅಪ್ಪ ತಂದ ಬಿತ್ತನೆ ಭತ್ತ ಸಸಿಮಡಿಯಲ್ಲಿ ಮೊಳೆಯಲೇ ಇಲ್ಲ. ಮಡಿಕೇರಿಯ ಕೃಷಿ ಕಚೇರಿಗೆ ದೂರು ಬರೆದರು.

ಬೇಗನೇ ಉತ್ತರ ಬಂತು. ದೂರು ತಲುಪಿದೆ, ವಿಚಾರಿಸುವ ಇನ್‌ಸ್ಪೆಕ್ಟರ ಹೆಸರು ಇದು, ಅವರು ಸಸಿಮಡಿ ನೋಡಿ, ನಿಮ್ಮಲ್ಲಿ ಉಳಿದ ಬೀಜವನ್ನೂ ಗೋದಾಮಿನ ಬೀಜವನ್ನೂ ಮೊಳಕೆ ಬರಿಸಿ ಪರೀಕ್ಷಿಸುತ್ತಾರೆ, ಜುಲೈ ಮೂವತ್ತೊಂದಕ್ಕೆ ತೀರ್ಮಾನ ತಿಳಿಸುತ್ತೇವೆ. ಕಚೇರಿಯೊಂದು ಅಪ್ಪನಿಗೆ ಅಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು.

"ಮಡಿ ಉತ್ತು ಯಾರತ್ರಾನಾದ್ರೂ ಬೇರೆ ಬೀಜ ತಂದು ಚೆಲ್ಲಿ ಅಂದ್ರೆ," ಎಂದು ಅಮ್ಮ ಗೋಗರೆದಳು.

"ಅವ್ರು ನೋಡೋಕೆ ಮುಂಚೆ ಉತ್ಬಿಟ್ರೆ ಏನೇ ತೋರ್ಸೋದು?" ಎಂದು ಅಪ್ಪ ರೇಗಿದರು.

ಇನ್‌ಸ್ಪೆಕ್ಟರು ಬಂದಾಗ ಊರಲ್ಲೆಲ್ಲ ನಾಟಿ ನಡೆಯುತ್ತಿತ್ತು. ನಮ್ಮ ಬೋಳು ಮಡಿಯನ್ನು ನೋಡಿ ತಲೆಯಾಡಿಸಿದರು, ಬೀಜ ಕಟ್ಟಿಕೊಂಡು ಹೋದರು. ಪಾಪ, ಒಳ್ಳೆಯವರು. ಬಯ್ಯೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ.

ಹೇಳಿದ ದಿನವೇ ತೀರ್ಮಾನ ಬಂತು: ದೂರು ನಿಜ, ಬದಲಿ ಬೀಜ ಒಯ್ಯಬಹುದು. ಅಪ್ಪ ಮೂಟೆ ಹೊತ್ತು ತಂದರು. ಬಿತ್ತುವ ಕಾಲ ಮುಗಿದಿತ್ತು. ಅಮ್ಮ ಅದನ್ನು ಒರಳಿಗೆ ಹಾಕಿ ಕುಟ್ಟಿದಳು. ಆ ವರ್ಷ ನಮ್ಮ ಮನೆಗೆ ಬಂದ ಭತ್ತ ಅದೊಂದೇ.